ರಾತ್ರಿ ಹತ್ತಕ್ಕೆ ಕಾಣುವ ಡೈಲಿ ಕ್ಯಾಂಡಲ್ ಅರೆಬೆಂದ ಅನ್ನ

"ಕ್ರಿಪ್ಟೊ ಚಾರ್ಟ್‌ನಲ್ಲಿ ಡೈಲಿ ಕ್ಯಾಂಡಲ್ ಬೆಳಗ್ಗೆ 5:30ಕ್ಕೆ ಯಾಕೆ ಮುಗಿಯುತ್ತೆ? ಟೈಮ್‌ಜೋನ್ ಕೋಲ್ಕತ್ತಾ ಅಂತ ಹಾಕಿದ್ರೂ ಅದು ಬದಲಾಗಲ್ಲ. ನಾನು ಆಫೀಸ್ ಮುಗಿಸಿ ರಾತ್ರಿ ಕೂತು ಟ್ರೇಡ್ ಮಾಡೋನು, ಏನು ಮಾಡ್ಲಿ?"

ನಮ್ಮ ಷೇರುಪೇಟೆಯಲ್ಲಿ ಈ ಗೊಂದಲವೇ ಇಲ್ಲ. ಮಧ್ಯಾಹ್ನ 3:30ಕ್ಕೆ ವಹಿವಾಟು ನಿಲ್ಲುತ್ತೆ, ಅವತ್ತಿನ ಕ್ಯಾಂಡಲ್ ಅಲ್ಲಿಗೆ ಮುಗೀತು. ಕ್ರಿಪ್ಟೊದಲ್ಲಿ ಬಾಗಿಲು ಹಾಕುವವರೇ ಇಲ್ಲ. ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಆದರೂ ದಿನ ಅಂದರೆ ಎಲ್ಲಿಂದ ಎಲ್ಲಿಗೆ ಅಂತ ಒಂದು ಗೆರೆ ಎಳೆಯಲೇಬೇಕು. ಬಹುತೇಕ ಎಲ್ಲರೂ ಆ ಗೆರೆಯನ್ನು ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿಯ ಮಧ್ಯರಾತ್ರಿಗೆ, ಅಂದರೆ 00:00ಕ್ಕೆ, ಎಳೆದಿದ್ದಾರೆ. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದಿದ್ದೇವೆ, ಅದಕ್ಕೇ ನಮಗೆ ಅದು ಬೆಳಗಿನ 5:30.

ಯುಟಿಸಿಯೇ ಯಾಕೆ? ಒಂದು ಕಾರಣ, ಅದು ಬೇಸಿಗೆ, ಚಳಿಗಾಲ ಅಂತ ಗಡಿಯಾರ ತಿರುಗಿಸುವುದಿಲ್ಲ. ಫಾರೆಕ್ಸ್‌ನವರ ದಿನ ನ್ಯೂಯಾರ್ಕ್‌ನ ಸಂಜೆ 5ಕ್ಕೆ ಮುಗಿಯುತ್ತೆ. ಅದು ನಮಗೆ ಬೇಸಿಗೆಯಲ್ಲಿ ನಡುರಾತ್ರಿ ಕಳೆದು 2:30, ಚಳಿಗಾಲದಲ್ಲಿ 3:30. ಯುಟಿಸಿಯಲ್ಲಿ ಆ ರಗಳೆ ಇಲ್ಲ. ವರ್ಷವಿಡೀ 5:30 ಅಂದರೆ 5:30. ಇನ್ನೊಂದು ಕಾರಣ ಕಂಪ್ಯೂಟರ್‌ಗೆ ಸಂಬಂಧಿಸಿದ್ದು. ಪ್ರತಿ ಟ್ರೇಡ್‌ನ ಸಮಯ 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡು ಅಥವಾ ಮಿಲಿಸೆಕೆಂಡುಗಳಾಗಿ ದಾಖಲಾಗುತ್ತೆ. ದಿನಕ್ಕೆ 86400 ಸೆಕೆಂಡು. ಸೆಕೆಂಡುಗಳಲ್ಲಿ ಎಣಿಸಿದ ಆ ಸಮಯವನ್ನು t ಅಂದುಕೊಂಡರೆ, ಯಾವ ಟ್ರೇಡ್ ಯಾವ ದಿನದ್ದು ಅಂತ ತಿಳಿಯಲು ಒಂದೇ ಸಾಲು ಸಾಕು. ಭಾರತದ ದಿನ ಬೇಕು ಅಂದರೆ 19800 ಸೆಕೆಂಡು, ಅದೇ ನಮ್ಮ ಐದೂವರೆ ಗಂಟೆ, ಸೇರಿಸಬೇಕು:

```
utc_day = t - (t % 86400)
ist_day = t - ((t + 19800) % 86400)
```

ಎರಡನೇ ಸಾಲು ಬರೆಯೋದು ಕಷ್ಟವೇನಲ್ಲ. ಆದರೆ ಟೋಕಿಯೊದವನು ಒಂದು ಸಾಲು, ಲಂಡನ್‌ನವನು ಇನ್ನೊಂದು ಸಾಲು ಬರೆದರೆ ಒಂದೇ ನಾಣ್ಯಕ್ಕೆ ಹತ್ತು ಬೇರೆ ಬೇರೆ "ಇವತ್ತಿನ ಕ್ಲೋಸ್" ಹುಟ್ಟುತ್ತವೆ. ಹಾಗಾಗಿ ಎಲ್ಲರೂ ಒಂದೇ ಗೆರೆಗೆ ಒಪ್ಪಿಕೊಂಡರು. ನೀವು ಟೈಮ್‌ಜೋನ್ ಬದಲಾಯಿಸಿದಾಗ ಚಾರ್ಟ್ ಕೆಳಗಿನ ಗಂಟೆಗಳು ಮಾತ್ರ ಬದಲಾಗುತ್ತವೆ. ದಿನದ ಗೆರೆ ಇದ್ದಲ್ಲೇ ಇರುತ್ತೆ.

ಈಗ ಸಂಜೆಯ ವಿಷಯಕ್ಕೆ ಬರೋಣ. ನಾನು ಶುರುವಿನಲ್ಲಿ ಮಾಡಿಕೊಂಡ ಎಡವಟ್ಟನ್ನೇ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಬೆಲೆಗಳನ್ನು 100ರ ಆಸುಪಾಸಿಗೆ ಇಳಿಸಿದ್ದೇನೆ. ನನ್ನ ನಿಯಮ ಸರಳವಾಗಿತ್ತು: ಹಿಂದಿನ 20 ದಿನಗಳ ಅತಿ ಹೆಚ್ಚಿನ ಕ್ಲೋಸ್‌ಗಿಂತ ಇವತ್ತಿನ ಕ್ಲೋಸ್ ಮೇಲಿದ್ದರೆ ಕೊಳ್ಳೋದು. ಆ ಮಟ್ಟ 100 ಇತ್ತು. ಊಟ ಮುಗಿಸಿ ರಾತ್ರಿ 10:10ಕ್ಕೆ ನೋಡಿದರೆ ಬೆಲೆ 102.6. ಉದ್ದನೆಯ ಹಸಿರು ಕ್ಯಾಂಡಲ್, ಮೇಲೆ ಬಾಲವೇ ಇಲ್ಲ. ತಗೊಂಡು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಅದೇ ಕ್ಯಾಂಡಲ್ 98.7ಕ್ಕೆ ಮುಚ್ಚಿತ್ತು. ತುದಿ 103.1ಕ್ಕೆ ಹೋಗಿ ಬಂದಿದ್ದ ಗುರುತು ಮಾತ್ರ ಮೇಲೆ ಕಡ್ಡಿಯ ಹಾಗೆ ನಿಂತಿತ್ತು. ಸುಮಾರು 3.8% ನಷ್ಟ. ತಮಾಷೆ ಅಂದರೆ, ನಿಯಮದ ಪ್ರಕಾರ ಅವತ್ತು ಸಿಗ್ನಲ್ಲೇ ಬಂದಿರಲಿಲ್ಲ. ಕ್ಲೋಸ್ ಮಟ್ಟಕ್ಕಿಂತ ಕೆಳಗೇ ಇತ್ತಲ್ವಾ? ನಾನು ಕ್ಲೋಸ್ ಅಂದುಕೊಂಡಿದ್ದು ಕ್ಲೋಸ್ ಆಗಿರಲಿಲ್ಲ, ಅಷ್ಟೇ.

ರಾತ್ರಿ 10ಕ್ಕೆ ಆ ಕ್ಯಾಂಡಲ್‌ಗೆ ಇನ್ನೂ ಏಳೂವರೆ ಗಂಟೆ ಬಾಕಿ ಇರುತ್ತೆ. ಅದೂ ಎಂಥ ಗಂಟೆಗಳು? ಅಮೆರಿಕದ ಷೇರುಪೇಟೆ ತೆರೆಯೋದು ನಮ್ಮ ಸಂಜೆ 7ಕ್ಕೆ, ಚಳಿಗಾಲದಲ್ಲಿ 8ಕ್ಕೆ. ಮುಚ್ಚೋದು ನಡುರಾತ್ರಿ ಕಳೆದು 1:30 ಅಥವಾ 2:30ಕ್ಕೆ. ಅವರ ಅರ್ಧಕ್ಕಿಂತ ಜಾಸ್ತಿ ದಿನ ನಾವು ಮಲಗಿದ ಮೇಲೆ ನಡೆಯುತ್ತೆ. ಚಾರ್ಟ್ ಮೇಲಿನ ಮೂವಿಂಗ್ ಆವರೇಜ್, ಆರ್‌ಎಸ್‌ಐ ಎಲ್ಲದರ ಕೊನೆಯ ಬಿಂದುವೂ ಕ್ಯಾಂಡಲ್ ಮುಚ್ಚುವವರೆಗೆ ಅಲ್ಲಾಡುತ್ತಲೇ ಇರುತ್ತೆ. ವಾಲ್ಯೂಮ್ ಕೂಡ ಮೋಸ ಮಾಡುತ್ತೆ. ದಿನಕ್ಕೆ ಸರಾಸರಿ 1000 ನಾಣ್ಯ ಕೈ ಬದಲಾಗುತ್ತವೆ ಅನ್ನಿ. ರಾತ್ರಿ 9:30ಕ್ಕೆ 24 ಗಂಟೆಯಲ್ಲಿ 16 ಕಳೆದಿರುತ್ತೆ, ಒಂದೇ ವೇಗದಲ್ಲಿ ನಡೆದಿದ್ದರೂ 667 ಮಾತ್ರ ಕಾಣಬೇಕು. ಅದನ್ನು ನೋಡಿ "ಅಯ್ಯೋ, ಇವತ್ತು ವಾಲ್ಯೂಮೇ ಇಲ್ಲ" ಅಂದವರನ್ನು ಎಷ್ಟೋ ಸಲ ನೋಡಿದ್ದೇನೆ.

ಹಾಗಾದರೆ ಮಾಡೋದೇನು? ಅಲಾರಂ ಇಟ್ಟು 5:30ಕ್ಕೆ ಏಳಬಹುದು. ನಾನು ಎರಡು ವಾರ ಎದ್ದೆ, ಆಮೇಲೆ ಬಿಟ್ಟೆ. ಕೆಲವರು "ಸ್ಟಾಪ್ ಆರ್ಡರ್ ಹಾಕಿ ಮಲಗು" ಅನ್ನುತ್ತಾರೆ. ಅದು ಬೇರೆಯದೇ ನಿಯಮ. ಸ್ಟಾಪ್ ಆರ್ಡರ್ ಬೆಲೆ ಮುಟ್ಟಿದ ಕೂಡಲೇ ಕೆಲಸ ಮಾಡುತ್ತೆ, ಕ್ಲೋಸ್‌ಗೆ ಕಾಯುವುದಿಲ್ಲ. ಮೇಲಿನ ಕಥೆಯಲ್ಲಿ 100 ದಾಟಿದ ಕ್ಷಣವೇ ಅದು ನನ್ನನ್ನು ಒಳಗೆ ಎಳೆದುಬಿಡುತ್ತಿತ್ತು.

ನಾನು ಈಗ ಮಾಡೋದು ಇಷ್ಟು. ಸಂಜೆ ನೋಡುವಾಗ ಓಡುತ್ತಿರುವ ಕ್ಯಾಂಡಲ್ ಲೆಕ್ಕಕ್ಕೇ ಇಲ್ಲ. ಅವತ್ತು ಬೆಳಗ್ಗೆ ಮುಚ್ಚಿದ್ದನ್ನೇ ನೋಡುತ್ತೇನೆ. ಪೈನ್ ಸ್ಕ್ರಿಪ್ಟ್ ಬರೆಯುವವರಾದರೆ `close` ಬದಲು `close[1]` ಅಂತ ಬರೆಯಿರಿ. ಇಲ್ಲವೇ `close` ಅನ್ನೇ ಉಳಿಸಿಕೊಂಡು ಅಲರ್ಟ್ ಇಡುವಾಗ `Once Per Bar Close` ಆರಿಸಿ. ಎರಡನ್ನೂ ಒಟ್ಟಿಗೆ ಮಾಡಿದರೆ ಅಲರ್ಟ್ ಒಂದು ದಿನ ತಡವಾಗುತ್ತೆ. ಆಗ ಬೆಂದ ಅನ್ನ ಸಿಗುತ್ತೆ, ಆದರೆ ಬೆಂದು 16 ಗಂಟೆ ಆಗಿರುತ್ತೆ.

ಈ 16 ಗಂಟೆಯನ್ನೇ ಜನ ಮರೆಯೋದು. ಹಳೆಯ ಬೆಲೆಗಳ ಮೇಲೆ ನಿಯಮವನ್ನು ಬ್ಯಾಕ್‌ಟೆಸ್ಟ್ ಮಾಡಿದಾಗ ಸಾಫ್ಟ್‌ವೇರ್ ಸಾಮಾನ್ಯವಾಗಿ ಮುಂದಿನ ಕ್ಯಾಂಡಲ್‌ನ ಓಪನ್‌ನಲ್ಲಿ ಕೊಂಡಂತೆ ಲೆಕ್ಕ ಹಾಕುತ್ತೆ. ಕ್ರಿಪ್ಟೊದಲ್ಲಿ ಆ ಓಪನ್ ಅಂದರೆ ಕ್ಲೋಸ್ ಆದ ಮರುಕ್ಷಣ, ಅದೇ 5:30. ಕಾಗದದ ಮೇಲೆ ನೀವು 100.8ಕ್ಕೆ ಕೊಂಡಿರುತ್ತೀರಿ. ಸಂಜೆ ಕೂತಾಗ ಬೆಲೆ 104 ಆಗಿರಬಹುದು, 97 ಆಗಿರಬಹುದು. ಅದಕ್ಕೇ ಸಿಗ್ನಲ್ ಡೈಲಿ ಕ್ಲೋಸ್‌ನಿಂದ ತೆಗೆದುಕೊಂಡು, ಕೊಳ್ಳುವ ಬೆಲೆಯನ್ನು ಮಾತ್ರ ಯುಟಿಸಿ 16:00ಕ್ಕೆ ಶುರುವಾಗುವ ನಾಲ್ಕು ಗಂಟೆಯ ಕ್ಯಾಂಡಲ್‌ನ ಓಪನ್‌ನಿಂದ ತೆಗೆದುಕೊಂಡು ಮತ್ತೆ ಪರೀಕ್ಷಿಸಿ. ಅದು ನಮ್ಮ ರಾತ್ರಿ 9:30. ವಾರಗಟ್ಟಲೆ ಹಿಡಿದುಕೊಳ್ಳುವ ನಿಯಮವಾದರೆ ವ್ಯತ್ಯಾಸ ಸಣ್ಣದಿರಬಹುದು. ಒಂದೆರಡು ದಿನದ ನಿಯಮವಾದರೆ ಕೆಲವು ಸಲ ಲಾಭವೆಲ್ಲ ಆ 16 ಗಂಟೆಯಲ್ಲೇ ಇತ್ತು ಅಂತ ಗೊತ್ತಾಗುತ್ತೆ. ನನ್ನದೊಂದು ನಿಯಮ ಹಾಗೇ ಸತ್ತುಹೋಯಿತು.

9:30 ನಮಗೆ ಅನುಕೂಲದ ಹೊತ್ತು ಕೂಡ ಹೌದು. ನಾಲ್ಕು ಗಂಟೆಯ ಕ್ಯಾಂಡಲ್‌ಗಳು ನಮ್ಮ ಗಡಿಯಾರದಲ್ಲಿ 5:30, 9:30, 1:30 ಹೀಗೆ ಮುಚ್ಚುತ್ತವೆ. ಸಂಜೆ 5:30ಕ್ಕೆ ತೆರೆದದ್ದು ರಾತ್ರಿ 9:30ಕ್ಕೆ ಪೂರ್ತಿ ಮುಗಿದಿರುತ್ತೆ. ಕ್ಲೋಸ್ ಆದ ಕೂಡಲೇ ಟ್ರೇಡ್ ಮಾಡಲೇಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಆದರೆ ಡೈಲಿಗೆಂದು ಕಟ್ಟಿದ ನಿಯಮವನ್ನು ಹಾಗೇ ಎತ್ತಿ ಇಲ್ಲಿ ಇಡಬೇಡಿ. ಅಲ್ಲಿ 20 ಕ್ಯಾಂಡಲ್ ಅಂದರೆ 20 ದಿನ, ಇಲ್ಲಿ ಮೂರೂವರೆ ದಿನಕ್ಕೂ ಕಡಿಮೆ.

ಡೈರಿ ಬರೆಯುವವರಿಗೆ ಇನ್ನೊಂದು ಮಾತು. ಮಂಗಳವಾರ ಬೆಳಗಿನ ಜಾವ 4ಕ್ಕೆ ನೀವು ಮಾಡಿದ ಟ್ರೇಡ್ ಚಾರ್ಟ್‌ನಲ್ಲಿ ಸೋಮವಾರದ ಕ್ಯಾಂಡಲ್ ಒಳಗೆ ಕೂರುತ್ತೆ. ಎಕ್ಸ್‌ಚೇಂಜ್‌ನಿಂದ ಇಳಿಸಿಕೊಂಡ ಪಟ್ಟಿ ಯುಟಿಸಿಯಲ್ಲಿದ್ದರೆ ಏಪ್ರಿಲ್ 1ರ ಬೆಳಗಿನ ಜಾವದ ಮಾರಾಟ ಮಾರ್ಚ್ 31 ಅಂತ ಕಾಣುತ್ತೆ, ಅಂದರೆ ಹಿಂದಿನ ಹಣಕಾಸು ವರ್ಷದ್ದು. ಪಟ್ಟಿಯನ್ನು ಆಡಿಟರ್‌ಗೆ ಕಳಿಸುವ ಮೊದಲು ಪ್ರತಿ ಸಮಯಕ್ಕೂ ಐದೂವರೆ ಗಂಟೆ ಕೂಡಿಸಿ.