ಕುಂಬಳೆಯ ಕಡೆಯ ಒಂದು ಶುಕ್ರವಾರ

ಬೇಕಲ ಕೋಟೆಯ ಬಗ್ಗೆ ನಾನು ಬರೆಯಬೇಕಾದದ್ದು ಹೆಚ್ಚಿಲ್ಲ. ಸಮುದ್ರದ ಗಾಳಿ ಚೆನ್ನಾಗಿತ್ತು, ಸೆಲ್ಫಿ ತೆಗೆಯುವವರ ಗದ್ದಲ ಅದಕ್ಕಿಂತ ಜೋರಾಗಿತ್ತು. ಅನಂತಪುರದ ಸರೋವರ ದೇವಸ್ಥಾನ ಇಷ್ಟವಾಯಿತು. ಆದರೆ ಕಾಸರಗೋಡಿಗೆ ಹೋಗಿ ಬಂದ ಮೇಲೆ ಮನಸ್ಸಿನಲ್ಲಿ ಉಳಿದುಕೊಂಡದ್ದು ಕುಂಬಳೆಯ ಹತ್ತಿರದ ಊರೊಂದರ ಜುಮಾ ಮಸೀದಿಯಲ್ಲಿ ಕಳೆದ ಮಧ್ಯಾಹ್ನ. ಅಲ್ಲಿಗೆ ಕರೆದೊಯ್ದವರು ಕನ್ನಡ ಶಾಲೆಯಲ್ಲಿ ಓದಿದ, ಈಗ ಅಡಿಕೆ ತೋಟ ನೋಡಿಕೊಂಡಿರುವ ನಮ್ಮ ಪರಿಚಯದ ಹಾಜಿಯವರು.

ನಮಾಜು ನೋಡಬಹುದೇ ಎಂದು ಕೇಳಿದಾಗ ಅವರು ಕೂಡಲೇ ಹೂಂ ಎನ್ನಲಿಲ್ಲ. ಹಿಂದಿನ ದಿನವೇ ಮಸೀದಿಯ ಉಸ್ತಾದರನ್ನೂ ಕಮಿಟಿಯವರನ್ನೂ ಕೇಳಿ ಬಂದು, "ಬರಬಹುದು ಮಾಷ್ಟ್ರೇ, ಆದರೆ ಅಕ್ಕ ನಮ್ಮ ಮನೆಯಲ್ಲೇ ಹೆಂಗಸರ ಜೊತೆ ಇರಲಿ" ಎಂದರು. ಈ ಕಡೆಯ ಹೆಚ್ಚಿನ ಸಾಂಪ್ರದಾಯಿಕ ಸುನ್ನಿ ಮಸೀದಿಗಳಲ್ಲಿ ಊರಿನ ಮುಸ್ಲಿಂ ಹೆಂಗಸರೂ ನಮಾಜಿಗೆ ಒಳಗೆ ಹೋಗುವ ರೂಢಿಯಿಲ್ಲ. ಹೆಂಗಸರಿಗೆ ಪ್ರತ್ಯೇಕ ಜಾಗ ಇರುವ ಮಸೀದಿಗಳು ಬೇರೆ ಇವೆ. ನನ್ನ ಹೆಂಡತಿಗೆ ಇದು ಹಿಡಿಸಲಿಲ್ಲ, ಹಾಗೆಂದು ಅವಳು ಹೇಳಿಯೂ ಹೇಳಿದಳು. ಮನೆಯವರೊಂದಿಗೆ ಹೋಗುವವರು ಈ ವಿಷಯವನ್ನು ಬಾಗಿಲಲ್ಲಿ ನಿಂತು ಕೇಳುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಲೇಸು.

ಉಡುಪಿನ ವಿಚಾರದಲ್ಲಿ ನನಗೆ ಆಶ್ಚರ್ಯವೊಂದು ಕಾದಿತ್ತು. ಈ ಭಾಗದ ಎಷ್ಟೋ ದೇವಸ್ಥಾನಗಳಲ್ಲಿ ಅಂಗಿ ಬಿಚ್ಚಿಯೇ ಒಳಗೆ ಹೋಗಬೇಕು. ಮಸೀದಿಯಲ್ಲಿ ಮೈ ಮುಚ್ಚಿದಷ್ಟೂ ಮರ್ಯಾದೆ. ಗಂಡಸರು ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮುಚ್ಚಿಕೊಂಡಿರಬೇಕೆಂಬುದು ನಮಾಜು ಮಾಡುವವರಿಗೆ ಇರುವ ನಿಯಮ. ಅತಿಥಿಗೆ ಅದು ವಿಧಿಯಲ್ಲದಿದ್ದರೂ ಚಡ್ಡಿ ಹಾಕಿಕೊಂಡು ಬಂದವರನ್ನು ಕಂಡರೆ ಅಲ್ಲಿನವರಿಗೆ ಇರುಸುಮುರುಸಾಗುತ್ತದೆ. ಪ್ಯಾಂಟು ಸಾಕಿತ್ತು, ಆದರೆ ನಾನು ಹಾಜಿಯವರ ಬಿಳಿ ಮುಂಡನ್ನೇ ಉಟ್ಟೆ. "ಎಡಕ್ಕೆ ಉಟ್ಟರೆ ನಮ್ಮವರು, ಬಲಕ್ಕೆ ಉಟ್ಟರೆ ನಿಮ್ಮವರು ಅಂತ ಇಲ್ಲಿ ನೋಡಿದ ಕೂಡಲೇ ಗೊತ್ತಾಗ್ತದೆ. ನೀವು ಯಾವ ಕಡೆಗಾದರೂ ಉಡಿ, ಆದರೆ ಗೇಟು ದಾಟುವ ಮೊದಲು ಇಳಿಬಿಡಿ" ಎಂದು ನಕ್ಕರು. ಮುಂಡನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟುವುದು ಈ ಊರಿನ ಎಲ್ಲರ ಅಭ್ಯಾಸ. ಹಿರಿಯರ ಎದುರು ಅದನ್ನು ಇಳಿಬಿಡುವ ಮರ್ಯಾದೆಯೇ ಮಸೀದಿಗೂ ಸಲ್ಲುತ್ತದೆ. ಅತಿಥಿಗೆ ಟೋಪಿ ಕಡ್ಡಾಯವಲ್ಲ. ಕಾಸರಗೋಡಿನ ತಳಂಗರೆ ಕೈಹೊಲಿಗೆಯ ಟೋಪಿಗೆ ಹೆಸರಾದ ಊರಾದರೂ ನಾನು ಬರಿದಲೆಯಲ್ಲೇ ಕುಳಿತೆ, ಯಾರೂ ಏನೂ ಅನ್ನಲಿಲ್ಲ.

ನಮ್ಮನ್ನು ಒಳಗಿನ ಸಾಲುಗಳಿಗೆ ಸೇರಿಸದೆ ಹಿಂಬದಿಯ ಜಗಲಿಯಲ್ಲಿ, ಗೋಡೆಗೆ ಒರಗಿ ಕೂರುವಂತೆ ಕೂರಿಸಿದರು. ಅದಕ್ಕೆ ಕಾರಣವಿದೆ. ಎಲ್ಲರೂ ಒಟ್ಟಾಗಿ ಮಾಡುವ ನಮಾಜಿಗೆ, ಅಂದರೆ ಜಮಾಅತ್‌ಗೆ ನಿಂತಾಗ ಭುಜಕ್ಕೆ ಭುಜ ತಾಗುವಂತೆ ಸಾಲು ಕೂಡಿಕೊಳ್ಳಬೇಕು, ನಡುವೆ ತೆರಪು ಬಿಡಬಾರದು. ನಮಾಜು ಮಾಡದವನೊಬ್ಬ ಅಲ್ಲಿ ಕುಳಿತರೆ ಸಾಲು ಅಲ್ಲೇ ಮುರಿಯುತ್ತದೆ. ಸೌಜನ್ಯಕ್ಕೆಂದು ಎದ್ದು ಸಾಲಿನಲ್ಲಿ ನಿಲ್ಲುವುದು, ಬಾಗುವುದು ಬೇಕಿಲ್ಲ. ಅತಿಥಿಯಿಂದ ಅದನ್ನು ಯಾರೂ ಬಯಸುವುದಿಲ್ಲ. ಕಾಲನ್ನು ಪಶ್ಚಿಮದ ಕಡೆಗೆ, ಅಂದರೆ ಮಕ್ಕಾದ ದಿಕ್ಕು ತೋರುವ ಗೋಡೆಯ ಗೂಡಾದ ಮಿಹ್‌ರಾಬಿನ ಕಡೆಗೆ ಚಾಚದೆ ಮಡಚಿಕೊಂಡರೆ ಸಾಕು.

ಇನ್ನು ಖುತುಬಾದ, ಅಂದರೆ ಶುಕ್ರವಾರದ ನಮಾಜಿಗೆ ಮೊದಲು ಓದುವ ಪ್ರವಚನದ ವಿಷಯ. ನಾನು ಇದನ್ನು ಬರೆಯಲು ಹೊರಟದ್ದೇ ಅದಕ್ಕಾಗಿ. ನಮಾಜಿಗೆ ಕರೆಯುವ ಮೊದಲ ಬಾಂಗು ಆದ ಮೇಲೆ ಬಂದವರೆಲ್ಲ ತಮ್ಮ ತಮ್ಮ ಐಚ್ಛಿಕ ಸುನ್ನತ್ ನಮಾಜು ಮುಗಿಸಿ ಕುಳಿತಿದ್ದರು. ಆಗ ಮಸೀದಿಯ ಕೆಲಸ ನೋಡಿಕೊಳ್ಳುವ ಮುಕ್ರಿ ಎದ್ದು ಅರಬ್ಬಿಯಲ್ಲಿ ಏನನ್ನೋ ಓದಿ, ಖುತುಬಾ ಓದುವ ಖತೀಬರ ಕೈಗೆ ಕೋಲನ್ನು ಕೊಟ್ಟರು. ಖತೀಬರು ಪ್ರವಚನದ ಪೀಠವಾದ ಮಿಂಬರ್ ಹತ್ತಿ ಸಲಾಂ ಹೇಳಿ ಕುಳಿತರು, ಎರಡನೆಯ ಬಾಂಗು ಆಯಿತು, ಖುತುಬಾ ಶುರುವಾಯಿತು. ನಮ್ಮ ಪಕ್ಕದಲ್ಲಿದ್ದ ಇನ್ನೊಬ್ಬ ಅತಿಥಿ, ಯಾರದೋ ಮದುವೆಗೆ ಬಂದವರು, ತಮ್ಮ ಬಳಿಯ ಹುಡುಗನನ್ನು "ಇದು ಎಷ್ಟು ಹೊತ್ತು?" ಎಂದು ಮೆಲ್ಲಗೆ ಕೇಳಿದರು. ಹುಡುಗ ತಿರುಗಲೇ ಇಲ್ಲ. ಅವರು ಮತ್ತೆ ಕೇಳಿದರು. ಆಗ ಅವನು ಬಾಯಿ ತೆರೆಯದೆ, ಅಂಗೈಯನ್ನು ನೆಲದ ಕಡೆಗೆ ಒತ್ತಿದಂತೆ ಮಾಡಿ ತೋರಿಸಿ ಮುಖ ತಿರುಗಿಸಿಕೊಂಡ. ಅತಿಥಿಗೆ ಅವಮಾನವಾದಂತಾಯಿತು, ಮುಖ ಗಂಟಿಕ್ಕಿಕೊಂಡರು.

ಊಟದ ಹೊತ್ತಿಗೆ ಹಾಜಿಯವರನ್ನು ಇದರ ಬಗ್ಗೆ ಕೇಳಿದೆ. ಮುಕ್ರಿ ಓದಿದ್ದರಲ್ಲೇ ಉತ್ತರವಿತ್ತು. ಖತೀಬರು ಖುತುಬಾ ಓದುವಾಗ ಪಕ್ಕದವನಿಗೆ 'ಸುಮ್ಮನಿರು' ಎಂದವನೂ ವ್ಯರ್ಥ ಮಾತಾಡಿದಂತೆಯೇ ಎಂಬ ಪ್ರವಾದಿಯವರ ಮಾತನ್ನು, ಅಂದರೆ ಹದೀಸನ್ನು ಪ್ರತಿ ಶುಕ್ರವಾರವೂ ಅಲ್ಲಿ ಓದಿ ಎಚ್ಚರಿಸುತ್ತಾರಂತೆ. "ಆ ಹುಡುಗ ಉತ್ತರ ಕೊಟ್ಟಿದ್ದರೆ ಅವನ ಜುಮಾಕ್ಕೇ ಕುಂದು. ಕೊಡದಿದ್ದರೆ ನಿಮಗೆ ಬೇಸರ. ಅವನಾದರೂ ಎಂತ ಮಾಡುವುದು ಹೇಳಿ? ಸನ್ನೆ ಮಾಡಿದ್ದೇ ದೊಡ್ಡದು" ಎಂದರು. ನಾವು ಕೇಳುವ ಸಣ್ಣ ಪ್ರಶ್ನೆಯಿಂದ ನಮಗೆ ಯಾವ ದೋಷವೂ ತಟ್ಟದು, ಕಷ್ಟಕ್ಕೆ ಸಿಕ್ಕುವವನು ಪಕ್ಕದವನು ಎಂಬುದು ನನಗೆ ಹೊಳೆದಿರಲಿಲ್ಲ. ಆದ್ದರಿಂದ ಖುತುಬಾ ನಡೆಯುವಾಗ ತಡವಾಗಿ ಬಂದವರು ಯಾರಿಗೂ ನಮಸ್ಕಾರವನ್ನಾಗಲಿ ಸಲಾಮನ್ನಾಗಲಿ ಹೇಳದೆ, ಕೈಕುಲುಕದೆ, ಸುಮ್ಮನೆ ಕುಳಿತುಕೊಳ್ಳಬೇಕು. ಫೋನನ್ನು ಜೇಬಿನಲ್ಲಿಟ್ಟು ಸದ್ದು ಬಾರದಂತೆ ಮಾಡುವುದು ಸಾಲದು, ಹೊರಗೆ ತೆಗೆಯಲೇಬಾರದು. ಕೇಳಬೇಕಾದದ್ದೇನಿದ್ದರೂ ಬಾಂಗಿಗೆ ಮೊದಲು ಅಥವಾ ಎಲ್ಲ ಮುಗಿದ ಮೇಲೆ ಕೇಳಬಹುದು.

ನಡುವೆ ಒಮ್ಮೆ ಖತೀಬರು ಕ್ಷಣಕಾಲ ಕುಳಿತು ಮತ್ತೆ ಎದ್ದು ಎರಡನೆಯ ಖುತುಬಾ ಓದಿದರು. ಆಮೇಲೆ ಎಲ್ಲರೂ ಎದ್ದು ಎರಡು ರಕಾತ್, ಅಂದರೆ ನಿಂತು, ಬಾಗಿ, ಹಣೆ ಊರುವ ಎರಡು ಸುತ್ತಿನ ನಮಾಜು ಮಾಡಿದರು. ಇಮಾಮರು ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದಿ ಮುಗಿಸಿದಾಗ ಇಡೀ ಮಸೀದಿ ಒಟ್ಟಿಗೆ ಗಟ್ಟಿಯಾಗಿ 'ಆಮೀನ್' ಎಂದದ್ದು ಈಗಲೂ ಕಿವಿಯಲ್ಲಿದೆ. ಈ ಕರಾವಳಿಯವರು ಅನುಸರಿಸುವ ಶಾಫಿ ಪದ್ಧತಿಯಲ್ಲಿ ಹಾಗೆ ಗಟ್ಟಿಯಾಗಿ ಹೇಳುವುದೇ ಕ್ರಮ.

ಬಲಕ್ಕೂ ಎಡಕ್ಕೂ ತಿರುಗಿ ಸಲಾಂ ಹೇಳಿದ ಕೂಡಲೇ ಮುಗಿಯಿತೆಂದು ಆ ಮದುವೆಯ ಅತಿಥಿ ಎದ್ದು ಹೊರಟರು. ಹಾಜಿಯವರು ಕೈಹಿಡಿದು ಕೂರಿಸಿದರು. ತಡವಾಗಿ ಬಂದು ಮೊದಲ ರಕಾತ್ ತಪ್ಪಿಸಿಕೊಂಡವರು ಇನ್ನೂ ನಿಂತು ಅದನ್ನು ಪೂರೈಸುತ್ತಿದ್ದರು, ಬೇರೆಯವರು ಸುನ್ನತ್ ನಮಾಜಿಗೆ ಎದ್ದಿದ್ದರು. ನಮಾಜು ಮಾಡುವವನ ಮುಂದೆ, ಅವನು ಹಣೆ ಊರುವ ಜಾಗವನ್ನು ದಾಟಿಕೊಂಡು ಹೋಗುವುದು ದೊಡ್ಡ ತಪ್ಪು. ಅದರ ಪಾಪ ಗೊತ್ತಿದ್ದರೆ ಮನುಷ್ಯ ದಾಟುವುದಕ್ಕಿಂತ ನಲವತ್ತರವರೆಗೆ ಕಾದು ನಿಂತಾನು ಎಂದು ಹದೀಸ್ ಹೇಳುತ್ತದೆ. ನಲವತ್ತು ದಿನವೋ ತಿಂಗಳೋ ವರ್ಷವೋ, ಅದನ್ನು ವರದಿ ಮಾಡಿದವರಿಗೇ ನೆನಪಿಲ್ಲ. ನಮಾಜು ಮಾಡುತ್ತಿರುವವರ ಬೆನ್ನ ಹಿಂದಿನಿಂದ ಹೋಗಬಹುದು, ಇಲ್ಲವೇ ಎರಡು ನಿಮಿಷ ಕಾಯಬಹುದು. ನಾವು ಕಾದೆವು.

ಚಪ್ಪಲಿಯ ಮಾತು ಬೇರೆ. ಹೊಸ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ನಮಾಜಿಗೆ ಮೊದಲು ಕೈಕಾಲು ತೊಳೆಯುವ ನೀರಿನ ತೊಟ್ಟಿಯಾದ ಹೌಳಿನ ಪಕ್ಕದ ನಲ್ಲಿಯಲ್ಲಿ ಕಾಲು ತೊಳೆದು, ಒರೆಸಿಕೊಂಡು ಒಳಗೆ ಹೋಗಿದ್ದೆ. ನಮಾಜು ಮುಗಿದಾಗ ಮೆಟ್ಟಿಲ ಬಳಿ ಕಂದು ಬಣ್ಣದ ಚಪ್ಪಲಿಗಳ ದೊಡ್ಡ ರಾಶಿಯಿತ್ತು, ನನ್ನ ಜೋಡಿಯ ಜಾಗದಲ್ಲಿ ಅದೇ ಬಣ್ಣದ, ಹಿಮ್ಮಡಿ ಸವೆದ ಜೋಡಿ ಉಳಿದಿತ್ತು. ಯಾರೋ ಅವಸರದಲ್ಲಿ ಮೆಟ್ಟಿಕೊಂಡು ಹೋಗಿದ್ದರು. ಶುಕ್ರವಾರ ಹೋಗುವವರು ಹಳೆಯದನ್ನೇ ಹಾಕಿಕೊಂಡು ಹೋಗಿ, ಮೆಟ್ಟಿಲ ಬಳಿ ಬಿಡದೆ ಕಾಂಪೌಂಡಿನ ಮೂಲೆಯಲ್ಲಿ ಬಿಡಬೇಕು. ಒಳಗೆ ಕೊಂಡೊಯ್ಯಲೇಬೇಕಾದರೆ ಚೀಲದಲ್ಲಿ ಹಾಕಿ, ಅಟ್ಟೆ ಚಾಪೆಗೆ ತಾಗದಂತೆ ಹಿಡಿದುಕೊಳ್ಳಬೇಕು. ಹಾಜಿಯವರು ಮುಂದಿನ ಶುಕ್ರವಾರ ಅದನ್ನು ಹುಡುಕಿಸುತ್ತೇನೆಂದರು. ನಾನು ಆ ಸವೆದ ಜೋಡಿಯಲ್ಲೇ ಕುಂಬಳೆ ಪೇಟೆಗೆ ನಡೆದು, ಅಂಗಡಿಯೊಂದರಲ್ಲಿ ಮೂರು ಪಟ್ಟು ಬೆಲೆ ಕೇಳಿದ ಒಂದು ಜೋಡಿಯನ್ನು ಚೌಕಾಸಿ ಮಾಡಿ ಕೊಂಡೆ.