ಹನ್ನೊಂದನೇ ಕೊಠಡಿಯ ಎರಡು ಜಿಬಿ

ನವೆಂಬರ್ 18, 2025, ಮಂಗಳವಾರ
ಧಾರವಾಡ

ರಾತ್ರಿ ಹಾಜರಿ ಮುಗಿಸಿ ಆಫೀಸಿಗೆ ಬಂದು ಕೂತಿದ್ದೇನೆ. ಈಗಷ್ಟೇ ಹಾಸ್ಟೆಲಿನ ವಾಟ್ಸಾಪ್ ಗುಂಪಿಗೆ ಒಂದು ಉದ್ದನೆಯ ಮೆಸೇಜ್ ಹಾಕಿದೆ. ಅದು ಯಾಕೆ ಅಷ್ಟುದ್ದ ಆಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತೇನೆ. ಹುಡುಗಿಯರ ಹೆಸರು ಹಾಕುವುದಿಲ್ಲ. ಹನ್ನೊಂದನೇ ಕೊಠಡಿಯಲ್ಲಿ ನಾಲ್ವರು, ಕೋರ್ಸಿನಿಂದಲೇ ಕರೆಯುತ್ತೇನೆ: ಬಿಎಸ್ಸಿ, ಬಿಕಾಂ, ಬಿಎ, ಬಿಸಿಎ.

ನಮ್ಮ ಹಾಸ್ಟೆಲಿನ ವೈಫೈ ಆಫೀಸು, ಊಟದ ಹಾಲ್ ಬಿಟ್ಟು ಮಹಡಿ ಹತ್ತುವುದಿಲ್ಲ. ಹಾಗಾಗಿ ಮೇಲಿನ ಕೊಠಡಿಗಳಲ್ಲಿ ಯಾರಾದರೂ ಒಬ್ಬಳ ಹಾಟ್‌ಸ್ಪಾಟ್ ಮೇಲೆ ಎಲ್ಲರ ಬದುಕು. ಹನ್ನೊಂದರಲ್ಲಿ ಅದು ಬಿಎಸ್ಸಿಯ ಫೋನು. 349 ರೂಪಾಯಿ ಪ್ಯಾಕು, 28 ದಿನ, ದಿನಕ್ಕೆ 2 ಜಿಬಿ. ಊರಿಗೆ 5ಜಿ ಬಂದಿದೆ ನಿಜ, ಆದರೆ ಅವಳದು 4ಜಿ ಫೋನು. ಎರಡು ಜಿಬಿ ಅಂದರೆ ಎರಡೇ.

ನಿನ್ನೆ ಸೋಮವಾರ ಅವಳ ವಿದ್ಯಾರ್ಥಿವೇತನದ ಅರ್ಜಿಗೆ ಕೊನೇ ದಿನ. ರಾತ್ರಿ ಎಂಟೂಮುಕ್ಕಾಲಿಗೆ ಕಣ್ಣು ಕೆಂಪು ಮಾಡಿಕೊಂಡು ಆಫೀಸಿನ ಬಾಗಿಲಿಗೆ ಬಂದು ನಿಂತಳು. "ಮೇಡಂ, ಓಟಿಪಿ ಬಂದೇತ್ರಿ, ಆದ್ರ ಅದನ್ನ ಹಾಕೋ ಪೇಜ ತೆರೀವಲ್ದ್ರಿ." ಎಸ್ಸೆಮ್ಮೆಸ್ಸಿಗೆ ನೆಟ್ ಬೇಕಿಲ್ಲವಲ್ಲ, ಓಟಿಪಿ ಬಂದು ಕೂತಿತ್ತು. ದಿನದ ಕೋಟಾ ಮುಗಿದಿದ್ದರಿಂದ ಉಳಿದದ್ದು ಮಾತ್ರ 64 ಕೆಬಿಪಿಎಸ್. ಅಂದರೆ ಸೆಕೆಂಡಿಗೆ 8 ಕಿಲೋಬೈಟು. ಒಂದು ಎಂಬಿ ಇಳಿಯುವುದಕ್ಕೆ ಎರಡು ನಿಮಿಷದ ಮೇಲೆ. ಮೂರು ಎಂಬಿಯ ಪುಟ ಪೂರ್ತಿ ಬರುವಷ್ಟರಲ್ಲಿ ಆರು ನಿಮಿಷ ದಾಟುತ್ತದೆ, ಅಷ್ಟರಲ್ಲಿ ಆ ಓಟಿಪಿಯ ಅವಧಿಯೇ ಮುಗಿದಿರುತ್ತದೆ. ಆಮೇಲೆ ಮತ್ತೆ ಮೊದಲಿನಿಂದ. ಅವಳು ಹೀಗೇ ನಾಲ್ಕು ಸಲ ಮಾಡಿದ್ದಳಂತೆ. ಆಫೀಸಿನ ವೈಫೈಗೆ ಸೇರಿಸಿಕೊಂಡೆ, ಒಂಬತ್ತೂಕಾಲಿಗೆ ಅರ್ಜಿ ಹೋಯಿತು.

ಇಷ್ಟಾದ ಮೇಲೆ ನಾನೊಂದು ತಪ್ಪು ಮಾಡಿದೆ. ಮೇಲೆ ಹೋಗಿ ಬಿಎಗೆ ಬೈದುಬಿಟ್ಟೆ. ಅವಳು ಪಿಡಿಒ ಪರೀಕ್ಷೆಗೆ ಅಂತ ಯಾವಾಗ ನೋಡಿದರೂ ಯೂಟ್ಯೂಬ್ ಕ್ಲಾಸಿನಲ್ಲೇ ಇರುತ್ತಾಳೆ, ಅವಳೇ ಮುಗಿಸಿರಬೇಕು ಅಂತ. "ನಾ ಇವತ್ತ ಒಂದ ತಾಸ ಅಷ್ಟ ನೋಡೇನ್ರಿ" ಅಂದಳು. ನಂಬಲಿಲ್ಲ. ಕೊನೆಗೆ ಬಿಕಾಂ ಹುಡುಗಿ, ಲೆಕ್ಕದವಳು, "ಮೇಡಂ, ಮದ್ಲ ಫೋನ್ ನೋಡೂಣ ತಡೀರಿ" ಅಂದಳು.

ಫೋನಿನ ಡೇಟಾ ಬಳಕೆಯ ಪಟ್ಟಿಯಲ್ಲಿ ಹಾಟ್‌ಸ್ಪಾಟಿಗೆ ಅಂತ ಒಂದೇ ಸಾಲು ಇತ್ತು. ಒಟ್ಟು ಎಷ್ಟು ಹೋಯಿತು ಅಂತ ಹೇಳುತ್ತದೆ, ಯಾರಿಗೆ ಹೋಯಿತು ಅಂತ ಹೇಳುವುದಿಲ್ಲ. ಆದರೆ ಬಿಎಸ್ಸಿಗೆ ಒಂದು ನೆನಪಿತ್ತು: ಅರ್ಧ ಕೋಟಾ ಮುಗಿಯಿತು ಅನ್ನುವ ಕಂಪನಿಯ ಎಸ್ಸೆಮ್ಮೆಸ್ಸನ್ನು ಬೆಳಿಗ್ಗೆ ಏಳುವಾಗಲೇ ಕಂಡಿದ್ದಳು. ತೆರೆದು ನೋಡಿದರೆ ರಾತ್ರಿ 12:52ಕ್ಕೆ ಬಂದದ್ದು. ಹನ್ನೆರಡಕ್ಕೆ ಹೊಸ ಕೋಟಾ ಶುರುವಾಗಿ ಒಂದು ತಾಸೂ ಆಗಿರಲಿಲ್ಲ, ನಾಲ್ವರೂ ಮಲಗಿದ್ದ ಹೊತ್ತು.

ಎಲ್ಲರೂ ಬಿಸಿಎಯ ಲ್ಯಾಪ್‌ಟಾಪಿನ ಕಡೆ ತಿರುಗಿದರು. ಪಾಪ, ಅವಳ ಮುಖ ಸಣ್ಣಗಾಯಿತು. ಅದರ ಸೆಟ್ಟಿಂಗಿನಲ್ಲಿ `Data usage` ತೆರೆದಾಗ ಪಟ್ಟಿಯ ತಲೆಯಲ್ಲಿ ಸಿನಿಮಾನೂ ಇರಲಿಲ್ಲ, ಆಟಾನೂ ಇರಲಿಲ್ಲ. `System` ಅಂತ ಇತ್ತು. `Update history` ನೋಡಿದರೆ ಅದೇ ರಾತ್ರಿಯ ತಾರೀಖು. ವಿಂಡೋಸ್ ತನ್ನ ಅಪ್‌ಡೇಟನ್ನು ತಾನೇ ಇಳಿಸಿಕೊಂಡಿತ್ತು. ಹಿಂದಿನ ದಿನದ ಕೋಟಾ ಸಂಜೆಗೇ ಮುಗಿದಿದ್ದರಿಂದ ಅದು ಸುಮ್ಮನೆ ತೆವಳುತ್ತಿತ್ತು, ಹನ್ನೆರಡು ಹೊಡೆದು ವೇಗ ಬಂದ ಕೂಡಲೇ ಎಳೆದುಕೊಂಡಿತು. ಸುಮಾರು 1.4 ಜಿಬಿ.

"ಯಾರೂ ಬಳಸಲಿಲ್ಲಂದ್ರ ಹಾಟ್‌ಸ್ಪಾಟ್ ತಾನ ಬಂದ್ ಆಕ್ಕೇತಲ್ರಿ" ಅಂದಳು ಬಿಎಸ್ಸಿ. ಅವಳ ಮಾತು ಅರ್ಧ ಸರಿ. ಯಾವ ಸಾಧನವೂ ಸೇರಿಕೊಂಡಿರದಿದ್ದರೆ ಸ್ವಲ್ಪ ಹೊತ್ತಿಗೆ ಆಫ್ ಆಗುವ ಹಾಗೆ ಅವಳ ಫೋನಿನಲ್ಲಿದೆ. ಆದರೆ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದು, ಮುಚ್ಚಳ ತೆರೆದದ್ದು. ಅದು ಮಲಗಲೇ ಇಲ್ಲ, ಹಾಟ್‌ಸ್ಪಾಟನ್ನೂ ಮಲಗಲು ಬಿಡಲಿಲ್ಲ.

ಬಿಎ ಹತ್ತಿರ ಎಲ್ಲರೆದುರೇ ತಪ್ಪಾಯಿತು ಅಂದೆ. "ಇರ್ಲಿ ಬಿಡ್ರಿ ಮೇಡಂ" ಅಂದಳು, ಆದರೂ ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ ನನ್ನ ಮುಖ ನೋಡಲಿಲ್ಲ.

ಇವತ್ತು ಮಧ್ಯಾಹ್ನ ನಾಲ್ವರನ್ನೂ ಕೂರಿಸಿಕೊಂಡೆ. ಎರಡು ಜಿಬಿಯನ್ನು ನಾಲ್ಕು ಭಾಗ ಮಾಡಿ ತಲೆಗೆ 500 ಎಂಬಿ ಅಂತ ನಾನು ಮೊದಲೇ ಬರೆದಿಟ್ಟಿದ್ದೆ, ಮೆಸ್ಸಿನಲ್ಲಿ ಚಪಾತಿ ಎಣಿಸಿದ ಹಾಗೆ. ಬಿಕಾಂ ಎರಡೇ ಪ್ರಶ್ನೆಗೆ ಅದನ್ನು ಹರಿದು ಹಾಕಿದಳು. ಯಾರ ಪಾಲು ಎಷ್ಟು ಮುಗಿಯಿತು ಅಂತ ಆ ಫೋನು ತೋರಿಸುವುದಿಲ್ಲ, ಅಳೆಯುವವರು ಯಾರು? ಮತ್ತೆ ತಾನು ದಿನಕ್ಕೆ ನೂರು ಎಂಬಿ ದಾಟುವುದಿಲ್ಲ, ಉಳಿದ ನಾನೂರು ಯಾರಿಗೆ? ಉತ್ತರ ನನ್ನಲ್ಲಿರಲಿಲ್ಲ. ಆಗ ಗೊತ್ತಾದದ್ದು, ಫೋನಿನ ತೆರೆಯ ಮೇಲೆ ಕಾಣುವಂಥದ್ದನ್ನು ಹಿಡಿದುಕೊಂಡೇ ನಿಯಮ ಮಾಡಬೇಕು. ಕಾಣದ್ದನ್ನು ಅಳೆಯಹೋದರೆ ದಿನಾ ಜಗಳ.

ದುಡ್ಡಿನ ಮಾತು ಇದಕ್ಕಿಂತ ಸ್ವಾರಸ್ಯವಾಗಿತ್ತು. ಇಷ್ಟು ದಿನ ಪೂರ್ತಿ ರೀಚಾರ್ಜು ಬಿಎಸ್ಸಿಯ ಅಪ್ಪನದೇ. ಬಿಕಾಂ ಹೇಳಿದಳು: ಫೋನು ಅವಳದು ಬಿಸಿಯಾಗುತ್ತದೆ, ಬ್ಯಾಟರಿ ಅವಳದು ಸವೆಯುತ್ತದೆ, ಹಾಗಾಗಿ ನಾವು ಮೂವರು ನೂರು ನೂರು ಕೊಡೋಣ, ಅವಳು 49 ಹಾಕಲಿ. ನ್ಯಾಯವಾಗಿಯೇ ಇತ್ತು. ಬಿಎಸ್ಸಿ ಒಪ್ಪಲಿಲ್ಲ. "ನಾ ನೂರ ಹಾಕ್ತೀನ್ರಿ, ಅವ್ರು ಎಂಬತ್ಮೂರ ಎಂಬತ್ಮೂರ ಹಾಕ್ಲಿ." ಯಾಕೆ ಅಂತ ಕೇಳಿದ್ದಕ್ಕೆ ತಲೆ ತಗ್ಗಿಸಿಕೊಂಡು, "ಕಮ್ಮಿ ಕೊಟ್ರ ನನಗ ಬಂದ್ ಮಾಡಾಕ ಬಾಯಿ ಬರೂದಿಲ್ರಿ" ಅಂದಳು. ನನಗೆ ಇದು ಹೊಳೆದೇ ಇರಲಿಲ್ಲ. ಅವಳು ಹೇಳಿದ ಲೆಕ್ಕವೇ ಆಗಲಿ ಅಂದೆ. ಆದರೆ ಬಂದ್ ಮಾಡುವ ಹಕ್ಕು ನೂರು ರೂಪಾಯಿಯಿಂದ ಬಂದದ್ದಲ್ಲ ಅನ್ನುವುದನ್ನೂ ಮೆಸೇಜಿನಲ್ಲಿ ಸೇರಿಸಿದೆ.

ಮೆಸೇಜ್ ಹೀಗಿದೆ:

"ಮಕ್ಕಳೇ, ಒಂದೇ ಫೋನಿನ ನೆಟ್ ಹಂಚಿಕೊಳ್ಳುವ ಕೊಠಡಿಯವರು ಇದನ್ನು ಓದಿ, ಇವತ್ತೇ ಮಾಡಿ.

ಹಾಟ್‌ಸ್ಪಾಟ್ ಆನ್ ಮಾಡುವುದು, ಆಫ್ ಮಾಡುವುದು ಫೋನಿನವಳ ಇಷ್ಟ. ದುಡ್ಡು ಯಾರು ಎಷ್ಟೇ ಹಾಕಿರಲಿ, ಕಾರಣ ಕೇಳಬಾರದು. ಸಿಮ್ ಅವಳ ಮನೆಯವರ ಹೆಸರಿನಲ್ಲಿದೆ. ಆ ನೆಟ್‌ನಲ್ಲಿ ಯಾರು ಏನೇ ಎಡವಟ್ಟು ಮಾಡಿದರೂ ಮೊದಲು ವಿಚಾರಿಸುವುದು ಅವರನ್ನೇ. ಆದ್ದರಿಂದ ಪಾಸ್‌ವರ್ಡ್ ಕೊಠಡಿಯ ಹೊರಗೆ ಹೋಗಬಾರದು. ಸೇರಿಕೊಂಡವರ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚು ಕಂಡರೆ ಅವತ್ತೇ ಪಾಸ್‌ವರ್ಡ್ ಬದಲಾಯಿಸಿ, ಯಾರು ಕೊಟ್ಟರು ಅಂತ ಹುಡುಕುತ್ತಾ ಕೂರಬೇಡಿ.

ಸಂಜೆ ಏಳರಿಂದ ಒಂಬತ್ತೂವರೆ ಹಾಟ್‌ಸ್ಪಾಟ್ ಎಲ್ಲರದು. ಅರ್ಧ ಮುಗಿಯಿತು ಅನ್ನುವ ಎಸ್ಸೆಮ್ಮೆಸ್ ಬಂದರೆ ಫೋನಿನವಳು ಎಲ್ಲರಿಗೂ ತೋರಿಸಬೇಕು. ಅಲ್ಲಿಂದ ವಿಡಿಯೋ ಬಂದ್. ಮೆಸೇಜು, ನೋಟ್ಸು, ಅರ್ಜಿ ಮಾತ್ರ. ಕಂಪನಿಯ ಆ್ಯಪಿನಲ್ಲಿ ಉಳಿದದ್ದು 500 ಎಂಬಿ ಅಂತ ಕಂಡಾಗ ಹಾಟ್‌ಸ್ಪಾಟೇ ಬಂದ್. ಆ 500 ಫೋನಿನವಳದು. ಯಾರಿಗಾದರೂ ಅರ್ಜಿಯ ಕೊನೇ ದಿನ, ಇಂಟರ್ನಲ್ಸ್, ಆನ್‌ಲೈನ್ ಪರೀಕ್ಷೆ ಇದ್ದರೆ ಹಿಂದಿನ ದಿನವೇ ಹೇಳಿ, ಅವತ್ತಿನ ನೆಟ್ ಮೊದಲು ಅವಳಿಗೆ.

ಒಂದು ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹಾಟ್‌ಸ್ಪಾಟಿಗೆ ಸೇರಿದಾಗ ನಿಮ್ಮ ಫೋನು ಅದನ್ನು ವೈಫೈ ಅಂತಲೇ ತಿಳಿಯುತ್ತದೆ, ಕೈ ಬಿಗಿ ಹಿಡಿಯುವುದಿಲ್ಲ. ವಾಟ್ಸಾಪಿನ `Storage and data` ಒಳಗೆ `When connected on Wi-Fi` ತೆರೆದು ಎಲ್ಲ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಊರಿನ ಗುಂಪಿನ ಮದುವೆ ವಿಡಿಯೋ ಪೂರ್ತಿ ಗೆಳತಿಯ ಲೆಕ್ಕದಲ್ಲಿ ಇಳಿಯುತ್ತದೆ. ಯೂಟ್ಯೂಬಿನಲ್ಲಿ ಮೊಬೈಲ್ ನೆಟ್ ಸಾಲಿಗೆ ಮಾತ್ರ ಡೇಟಾ ಉಳಿತಾಯ ಹಾಕಿದರೆ ಸಾಲದು, ವೈಫೈ ಸಾಲಿಗೂ ಹಾಕಿ. ಬೋರ್ಡಿನ ಅಕ್ಷರ ಕಾಣುವುದಕ್ಕೆ 360 ಸಾಕು.

ಲ್ಯಾಪ್‌ಟಾಪ್ ಇದ್ದವರು ಹಾಟ್‌ಸ್ಪಾಟಿಗೆ ಸೇರಿಕೊಂಡು, ವೈಫೈ ಸೆಟ್ಟಿಂಗಿನಲ್ಲಿ ಆ ಹೆಸರು ಒತ್ತಿ, `Metered connection` ಆನ್ ಮಾಡಿ. ಇದು ಆ ಒಂದು ಹಾಟ್‌ಸ್ಪಾಟಿಗೆ ಮಾತ್ರ ಅನ್ವಯ. ಇನ್ನೊಬ್ಬಳ ಫೋನಿಗೆ ಸೇರಿದರೆ ಮತ್ತೆ ಮಾಡಬೇಕು. ಹಾಗಂತ ಅಪ್‌ಡೇಟ್ ತಪ್ಪಿಸಬೇಡಿ. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಆಫೀಸಿಗೆ ತನ್ನಿ, ಇಲ್ಲಿನ ವೈಫೈಯಲ್ಲಿ ಇಳಿಸಿಕೊಳ್ಳಿ.

ಹಾಟ್‌ಸ್ಪಾಟ್ ಇರುವ ಫೋನು ಮೇಜಿನ ಮೇಲಿರಲಿ. ದಿಂಬಿನ ಕೆಳಗೆ, ರಗ್ಗಿನೊಳಗೆ ಚಾರ್ಜಿಗೆ ಹಾಕಿ ಇಡಬೇಡಿ. ಕೈಗೆ ಸುಡುವಷ್ಟು ಬಿಸಿಯಾದರೆ ಕವರ್ ತೆಗೆದು, ಹಾಟ್‌ಸ್ಪಾಟ್ ಆಫ್ ಮಾಡಿ.

ಕೊನೆಯದು. ಹನ್ನೆರಡರವರೆಗೆ ಎಚ್ಚರವಿದ್ದು ಹೊಸ ಕೋಟಾ ಬಂದ ಕೂಡಲೇ ಸಿನಿಮಾ ಇಳಿಸುವವರು ಯಾರ್ಯಾರು ಅಂತ ನನಗೆ ಗೊತ್ತಿದೆ. ಹನ್ನೆರಡರ ನಂತರ ತೆಗೆದದ್ದು ನಾಳೆಯ ಊಟದಿಂದ ತೆಗೆದದ್ದು."

ಆ ಸಿನಿಮಾದ ಸಾಲು ಹಾಕಬೇಕೋ ಬೇಡವೋ ಅಂತ ಹತ್ತು ನಿಮಿಷ ಯೋಚಿಸಿದೆ. ಗೊತ್ತಿದೆ ಅಂದೆನೇ ಹೊರತು ನನಗೆ ಗೊತ್ತಿರುವುದು ಇಬ್ಬರದ್ದೇ. ಆದರೂ ಇರಲಿ ಅಂತ ಬಿಟ್ಟೆ.

ಏಳರಿಂದ ಒಂಬತ್ತೂವರೆ ಅನ್ನುವುದರ ಬಗ್ಗೆ ನನಗೇ ಪೂರ್ತಿ ಸಮಾಧಾನವಿಲ್ಲ. ಬಿಎ ಬೆಳಿಗ್ಗೆ ಐದಕ್ಕೆ ಎದ್ದು ಓದುವವಳು. ಅವಳಿಗೆ ಒಂದು ದಾರಿ ಹೇಳಿದ್ದೇನೆ: ಸಂಜೆಯ ಹೊತ್ತಿನಲ್ಲೇ ಯೂಟ್ಯೂಬ್ ಆ್ಯಪಿನೊಳಗೆ ಕ್ಲಾಸನ್ನು ಕಡಿಮೆ ಕ್ವಾಲಿಟಿಯಲ್ಲಿ ಇಳಿಸಿಟ್ಟುಕೊಂಡು ಬೆಳಿಗ್ಗೆ ನೆಟ್ ಇಲ್ಲದೆ ನೋಡು ಅಂತ. ಒಂದೇ ಪಾಠವನ್ನು ಅವಳು ಎರಡು ಮೂರು ಸಲ ನೋಡುತ್ತಾಳೆ, ಹಾಗೆ ಮಾಡಿದರೆ ಡೇಟಾ ಒಂದೇ ಸಲ ಹೋಗುತ್ತದೆ. ಸಂಜೆ ಒಂದು ಇಳಿಸಿ ತೋರಿಸಿದಳು, ಸ್ವಲ್ಪ ನಕ್ಕಳು ಕೂಡ.

ಬಿಕಾಂ ಆಗಲೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದಿದ್ದಾಳೆ. ತಿಂಗಳಿಗೊಮ್ಮೆ ಅಂದುಕೊಂಡಿದ್ದ ನನಗೆ, 28 ದಿನದ ಪ್ಯಾಕು ವರ್ಷಕ್ಕೆ ಹದಿಮೂರು ಸಲ ಬರುತ್ತದೆ ಅಂತ ತೋರಿಸಿದಳು. ಪ್ಯಾಕು ಮುಗಿಯುವ ಎರಡು ದಿನ ಮೊದಲು ವಸೂಲಿ, ವಸೂಲಿಗೆ ಅವಳೇ.

ಇಷ್ಟು ಬರೆಯುವಷ್ಟರಲ್ಲಿ ಏಳನೇ ಕೊಠಡಿಯಿಂದ ಮೆಸೇಜು: "ಮೇಡಂ, ನಮ್ಮ ರೂಮಿಂದು ಅಣ್ಣನ ಹಳೇ ಐಫೋನ್ ಐತ್ರಿ. ಎಷ್ಟ ಮಂದಿ ಸೇರ್ಯಾರ ಅಂತ ಅಷ್ಟ ತೋರ್ಸತೇತ್ರಿ, ಯಾರಂತ ಹೆಸರ ಬರೂದಿಲ್ರಿ. ನಾವ್ ಏನ ಮಾಡೂದ್ರಿ?" ಹೌದು, ಅದರಲ್ಲಿ ಹೆಸರಿನ ಪಟ್ಟಿ ಸಿಗುವುದಿಲ್ಲ. ಅಲ್ಲಿ ಎಣಿಕೆಯನ್ನೇ ನಂಬಿಕೊಳ್ಳಬೇಕು, ಇರುವವರು ಮೂವರು ಅಂದರೆ ಸೇರಿಕೊಂಡದ್ದು ಎರಡಕ್ಕಿಂತ ಹೆಚ್ಚಿರಬಾರದು. ನಾಳೆ ಹಾಜರಿಗೆ ಮೊದಲು ಅಲ್ಲಿಗೆ ಹೋಗಬೇಕು.