ಓನರ್ ಬೀರುವಿನಲ್ಲಿರುವ ನಮ್ಮ ಅಗ್ರಿಮೆಂಟ್

ನಮ್ಮ ಬೀದಿಯ ಮೊದಲ ಮಹಡಿಯ ಮನೆಗೆ ಜೂನ್ 1ಕ್ಕೆ ಬಂದ ಹಾಸನದ ಹುಡುಗನಿಗೆ ಅಗ್ರಿಮೆಂಟ್ ನೆನಪಾದದ್ದು ಡಿಸೆಂಬರ್ ಕೊನೆಯಲ್ಲಿ. ಎಚ್‌ಆರ್‌ಎ ವಿನಾಯಿತಿಗೆ ಬಾಡಿಗೆ ರಸೀದಿಯ ಜೊತೆ ಕರಾರು ಪತ್ರದ ಪ್ರತಿಯನ್ನೂ ಕೊಡಿ ಎಂದು ಅವನ ಆಫೀಸು ಕೇಳಿತ್ತು. ಹುಡುಕಿದರೆ ಮನೆಯಲ್ಲಿ ಒಂದು ಹಾಳೆಯೂ ಇಲ್ಲ. ಸಹಿ ಮಾಡಿದ್ದು ನಿಜ, ಓನರ್ ಮನೆಯ ಊಟದ ಮೇಜಿನ ಮೇಲೆ, ಕಾಫಿ ಕುಡಿಯುತ್ತಾ. "ಜೆರಾಕ್ಸ್ ಮಾಡಿಸಿ ಕೊಡ್ತೀನಪ್ಪಾ" ಎಂದು ಅವರು ಎತ್ತಿಟ್ಟುಕೊಂಡರು. ಆರು ತಿಂಗಳಾಯಿತು.

ಬೆಂಗಳೂರಿನಲ್ಲಿ ಇದು ದಿನನಿತ್ಯದ ಕಥೆ, ಮತ್ತು ಇದರ ಹಿಂದೆ ಮೋಸ ಇರುವುದು ಅಪರೂಪ. ಈ-ಸ್ಟ್ಯಾಂಪ್ ತೆಗೆಸುವುದು ಒಂದೇ, ಹಾಗಾಗಿ ಅಸಲು ಪ್ರತಿಯೂ ಒಂದೇ. ಅದು ಮನೆ ಯಾರದೋ ಅವರ ಬೀರು ಸೇರುತ್ತದೆ. ಆದರೆ ಸೋಮಾರಿತನದಿಂದ ಶುರುವಾದದ್ದಕ್ಕೆ ಒಂದು ಗಟ್ಟಿ ಪರಿಣಾಮವಿದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಅದನ್ನು ತಪ್ಪಿಸಲೆಂದೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ನೋಂದಣಿಯಾಗಿದ್ದರೆ ಕಳೆದುಹೋದರೂ ಕಚೇರಿಗೆ ಹೋಗಿ ದೃಢೀಕೃತ ನಕಲು ತರಬಹುದಿತ್ತು. 11 ತಿಂಗಳ ಕರಾರಿಗೆ ಆ ದಾರಿ ಇಲ್ಲ. ಸರ್ಕಾರದ ಯಾವ ಕಪಾಟಿನಲ್ಲೂ ಅದರ ಷರತ್ತುಗಳು ಇರುವುದಿಲ್ಲ. ನೋಟರಿ ಮಾಡಿಸಿದ್ದರೆ ಅವರ ರಿಜಿಸ್ಟರಿನಲ್ಲಿ ಒಂದು ಕ್ರಮಸಂಖ್ಯೆ, ದಿನಾಂಕ ಸಿಗಬಹುದು, ಅಷ್ಟೇ.

ಹುಡುಗನಿಗೆ ಓನರನ್ನು ಕೇಳಲು ಸಂಕೋಚ. "ಏನಾದ್ರೂ ಗಲಾಟೆ ಮಾಡೋಕೆ ಕೇಳ್ತಿದಾನೆ ಅಂದ್ಕೊಂಡ್ರೆ?" ಎಂದ. ಈ ಅನುಮಾನಕ್ಕೆ ಮದ್ದು ಕೇಳುವ ರೀತಿಯಲ್ಲೇ ಇದೆ. "ಅಗ್ರಿಮೆಂಟ್ ಕೊಡಿ" ಎಂದರೆ ಒರಿಜಿನಲ್ ಕೈತಪ್ಪುತ್ತದೆ ಎಂದು ಅವರು ಹಿಂಜರಿಯುತ್ತಾರೆ. "ಜೆರಾಕ್ಸ್ ಮಾಡಿಸಿ ಕೊಡಿ" ಎಂದರೆ ಅವರು ಬಿಸಿಲಲ್ಲಿ ಅಂಗಡಿಗೆ ನಡೆಯಬೇಕು, ಮತ್ತೆ ಆರು ತಿಂಗಳು. ಹಾಗಾಗಿ ಎರಡನ್ನೂ ಕೇಳದೆ ವಾಟ್ಸಾಪಿನಲ್ಲಿ ಹೀಗೆ ಬರೆಯಿಸಿದ್ದಾಯಿತು: "ಅಂಕಲ್, ಜೂನ್ 1ರ ಬಾಡಿಗೆ ಅಗ್ರಿಮೆಂಟಿನ ಕಾಪಿ ಆಫೀಸಿಗೆ ಕೊಡಬೇಕಾಗಿದೆ. ಶನಿವಾರ ಬೆಳಗ್ಗೆ ಬಂದು ನಿಮ್ಮ ಮನೆಯಲ್ಲೇ ಫೋನಿನಲ್ಲಿ ಸ್ಕ್ಯಾನ್ ಮಾಡಿಕೊಳ್ಳುತ್ತೇನೆ. ಒರಿಜಿನಲ್ ನಿಮ್ಮ ಹತ್ತಿರವೇ ಇರಲಿ." ಹತ್ತು ನಿಮಿಷಕ್ಕೆ ಉತ್ತರ ಬಂತು: "ಸರಿ, ಹತ್ತು ಗಂಟೆಗೆ ಬಾ."

ಆ ಉತ್ತರವನ್ನು ಅಳಿಸಬಾರದು. ಇಂಥ ದಿನಾಂಕದ ಕರಾರು ಇದೆ, ಅದು ತನ್ನ ಬಳಿ ಇದೆ ಎಂದು ಓನರ್ ಒಪ್ಪಿದ ಬರಹ ಅದು. ಬಾಯಿಮಾತಿನಲ್ಲಿ ಕೇಳಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ.

ಶನಿವಾರ ಜೊತೆಗೆ ನಾನೂ ಹೋದೆ. ಕವರಿನಿಂದ ಹೊರಬಂದದ್ದು ಐದು ಹಾಳೆ: ಮೇಲೆ ಈ-ಸ್ಟ್ಯಾಂಪ್, ಅದರ ಹಿಂದೆ ಷರತ್ತುಗಳ ಮೂರು ಹಾಳೆ, ಕೊನೆಯದರಲ್ಲಿ ಷೆಡ್ಯೂಲ್, ಫ್ಯಾನು ಗೀಸರುಗಳ ಪಟ್ಟಿ, ಸಹಿಗಳು. ಹುಡುಗ ಮೊದಲ ಮತ್ತು ಕೊನೆಯ ಹಾಳೆ ತೆಗೆದು ಫೋನ್ ಜೇಬಿಗಿಡಲು ಹೊರಟಿದ್ದ. ಆಫೀಸಿಗೆ ಅಷ್ಟು ಸಾಕಾಗಬಹುದು, ಅವನಿಗೆ ಸಾಲದು. ಬಾಡಿಗೆ ಏರಿಕೆ, ನೋಟಿಸ್ ಅವಧಿ, ಪೇಂಟಿಂಗ್ ಹಣದ ಕಡಿತ ಎಲ್ಲವೂ ಕೂತಿರುವುದು ನಡುವಿನ ಹಾಳೆಗಳಲ್ಲಿ. ಸಹಿ ಇಲ್ಲದ ನಡುವಿನ ಹಾಳೆಯನ್ನು ಬದಲಾಯಿಸಿ ಮತ್ತೆ ಪಿನ್ ಹೊಡೆಯುವುದು ಸುಲಭ. ಇಲ್ಲಿ ಎರಡು ಹಾಳೆಗಳಲ್ಲಿ ಹುಡುಗನ ಸಹಿಯೇ ಇರಲಿಲ್ಲ; ಓನರ್ ಎದುರೇ ಇಬ್ಬರೂ ಅವಕ್ಕೆ ಸಹಿ ಹಾಕಿ ಪಕ್ಕದಲ್ಲಿ ಅಂದಿನ ದಿನಾಂಕ ಬರೆದರು. ಜೂನಿನ ದಿನಾಂಕ ಹಾಕಬಾರದು, ಇಂದು ಮಾಡಿದ ಸಹಿಗೆ ಇಂದಿನ ದಿನಾಂಕವೇ. ಆಮೇಲೆ ಐದೂ ಹಾಳೆಯನ್ನು ನಾಲ್ಕು ಮೂಲೆ ಕಾಣುವಂತೆ ಸ್ಕ್ಯಾನ್ ಮಾಡಿ, ಹಿಂಬದಿಗಳನ್ನೂ ತೆಗೆದದ್ದಾಯಿತು. ನೋಟರಿಯ ಮೊಹರು, ಕೈಬರಹದ ಟಿಪ್ಪಣಿ ಎಷ್ಟೋ ಸಲ ಹಿಂಬದಿಯಲ್ಲೇ ಇರುತ್ತವೆ.

ಈ-ಸ್ಟ್ಯಾಂಪ್ ಹಾಳೆಯಲ್ಲಿ IN-KA ಎಂದು ಶುರುವಾಗುವ ಸರ್ಟಿಫಿಕೇಟ್ ಸಂಖ್ಯೆ ಇರುತ್ತದೆ. ಅದನ್ನೂ ಹಾಳೆಯ ಮೇಲಿನ ದಿನಾಂಕವನ್ನೂ shcilestamp.com ತಾಣದಲ್ಲಿ ಕೊಟ್ಟರೆ ಆ ಸ್ಟ್ಯಾಂಪ್ ಅಸಲಿಯೋ ಅಲ್ಲವೋ, ಯಾರ ಹೆಸರಿನಲ್ಲಿ ತೆಗೆಸಿದ್ದು, ಎಷ್ಟು ಮೌಲ್ಯದ್ದು ಎಂದು ಕಾಣುತ್ತದೆ. ಮೊದಲ ಪಕ್ಷ, ಎರಡನೇ ಪಕ್ಷ ಎಂದಿರುವಲ್ಲಿ ಓನರ್ ಮತ್ತು ನಿಮ್ಮ ಹೆಸರು ಇರಬೇಕು. ಕರಾರಿಗೆ ಸಹಿಯಾದ ದಿನಕ್ಕಿಂತ ಸ್ಟ್ಯಾಂಪಿನ ದಿನಾಂಕ ಈಚಿನದಾಗಿದ್ದರೆ ಪತ್ರವನ್ನು ಆಮೇಲೆ ಕೂತು ಮಾಡಿದ್ದಾರೆ ಎಂದು ಅರ್ಥ. ಒಂದು ಮಾತು ಮಾತ್ರ ಮರೆಯಬಾರದು: ಈ ತಪಾಸಣೆ ಹೇಳುವುದು ಸ್ಟ್ಯಾಂಪಿನ ವಿಷಯವನ್ನಷ್ಟೇ. ಹಿಂದಿನ ಹಾಳೆಗಳಲ್ಲಿ ಏನು ಬರೆದಿದೆ ಎಂಬುದು ಆ ತಾಣಕ್ಕೆ ಗೊತ್ತೇ ಇಲ್ಲ.

ಹುಡುಗನ ಸ್ಟ್ಯಾಂಪ್ ಸರಿಯಾಗಿಯೇ ಇತ್ತು. ಎಡವಟ್ಟು ಕಂಡದ್ದು ಮೂರನೇ ಹಾಳೆಯಲ್ಲಿ. ಬಾಡಿಗೆ 18,000, ಸರಿ. ಅಡ್ವಾನ್ಸ್ 1,00,000 ಎಂದಿತ್ತು. ಅವನು ಕೊಟ್ಟದ್ದು 1,20,000. ಮನೆ ನೋಡಿದ ದಿನ, ಮೇ 25ರಂದು, ಟೋಕನ್ ಎಂದು 20,000 ನಗದು ಕೊಟ್ಟಿದ್ದ. ಉಳಿದ ಒಂದು ಲಕ್ಷ ಬ್ಯಾಂಕಿನಿಂದ ಹೋಗಿತ್ತು. ಟೈಪ್ ಮಾಡಿಸುವಾಗ ಬ್ಯಾಂಕಿನ ಮೊತ್ತವನ್ನಷ್ಟೇ ಹೇಳಿದ್ದಾರೆ. ಓನರಿಗೂ ಟೋಕನ್ ನೆನಪಿತ್ತು, ಹೌದು ಎಂದು ಒಪ್ಪಿದರು. ಎರಡು ವರ್ಷ ಕಳೆದು ಮನೆ ಬಿಡುವ ದಿನ ಈ ಹಾಳೆ ಹೊರಬಂದಿದ್ದರೆ ಅಷ್ಟು ಸುಲಭವಾಗಿ ನೆನಪಾಗುತ್ತಿತ್ತೇ? ಆಗ ಅಗ್ರಿಮೆಂಟ್ ತೋರಿಸುವವರು ಅವರು, ನಗದಿಗೆ ಸಾಕ್ಷಿಯಿಲ್ಲದೆ ನಿಲ್ಲುವವನು ಇವನು.

ಸರಿಪಡಿಸುವುದು ಹೇಗೆ? ಸಹಿಯಾದ ಕರಾರಿನಲ್ಲಿ ಪೆನ್ನಿನಿಂದ ಅಂಕಿ ತಿದ್ದುವುದು ಕೆಟ್ಟ ದಾರಿ. ಯಾರು, ಯಾವಾಗ ತಿದ್ದಿದರು ಎಂಬ ಹೊಸ ಜಗಳಕ್ಕೆ ಅದೇ ಬೀಜ. ಬೇರೆ ಹಾಳೆಯಲ್ಲಿ ಓನರ್ ಕೈಯಿಂದಲೇ ರಸೀದಿ ಬರೆಸಿದ್ದಾಯಿತು:

"ದಿನಾಂಕ 1ನೇ ಜೂನ್‌ನ ಬಾಡಿಗೆ ಕರಾರಿನಲ್ಲಿ ನಮೂದಾಗಿರುವ 1,00,000 ರೂಪಾಯಿ ಮುಂಗಡವಲ್ಲದೆ, ಮೇ 25ರಂದು ನಗದಾಗಿ 20,000 ರೂಪಾಯಿ ಮುಂಗಡ ಪಡೆದಿರುತ್ತೇನೆ. ಒಟ್ಟು ಮುಂಗಡ 1,20,000 ರೂಪಾಯಿ. ಸದರಿ ಮೊತ್ತವನ್ನು ಕರಾರಿನ ಷರತ್ತಿನಂತೆ ಮನೆ ಖಾಲಿ ಮಾಡುವಾಗ ಹಿಂದಿರುಗಿಸತಕ್ಕದ್ದು."

ಎರಡೂ ತಾರೀಖುಗಳಿಗೆ ಇಸವಿ ಸೇರಿಸಿ, ಕೆಳಗೆ ಇಬ್ಬರ ಹೆಸರು, ಮನೆ ವಿಳಾಸ, ಬರೆದ ದಿನಾಂಕ. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಬೇಕು. ಅಂಟಿಸಿ ಅದರ ಮೇಲೆ ಅಡ್ಡವಾಗಿ ಸಹಿ. ಈ ರಸೀದಿಯ ಅಸಲು ಹುಡುಗನದು, ಫೋಟೋ ಓನರಿಗೆ. ಅಂಗಡಿಯಲ್ಲಿ ಸ್ಟ್ಯಾಂಪ್ ಹುಡುಕಿದ್ದೇ ಅವತ್ತಿನ ದೊಡ್ಡ ಓಡಾಟ.

ಎಲ್ಲ ಓನರುಗಳೂ ಹೀಗೆ ಕೂತು ಬರೆದುಕೊಡುವುದಿಲ್ಲ. ಎರಡು ಬಗೆಯ ಉತ್ತರ ಮಾಮೂಲಿ. "ಎಲ್ಲಿಟ್ಟಿದ್ದೀನೋ ಸಿಗ್ತಿಲ್ಲ" ಎನ್ನುವುದು ಒಂದು. ಇದು ನಿಜವೇ ಆಗಿದ್ದರೆ ಹಳೆಯ ದಿನಾಂಕದ ಪತ್ರ ಸೃಷ್ಟಿಸಲು ಹೋಗಬೇಡಿ. ಇಂದಿನ ಈ-ಸ್ಟ್ಯಾಂಪ್ ಮೇಲೆ ಹೊಸ ಕರಾರು ಮಾಡಿಸಿ, ಅದರೊಳಗೆ ಇಂಥ ದಿನದಿಂದ ವಾಸವಿದ್ದಾರೆ, ಇಷ್ಟು ಮುಂಗಡ ಆಗಲೇ ಸಂದಾಯವಾಗಿದೆ ಎಂದು ಬರೆಯಿಸಿ. ಟೈಪ್ ಮಾಡಿದ ಅಂಗಡಿಯವರ ಕಂಪ್ಯೂಟರಿನಲ್ಲಿ ಹಳೆಯ ಫೈಲ್ ಉಳಿದಿದ್ದರೆ ಷರತ್ತುಗಳನ್ನು ನೆನಪಿಸಿಕೊಳ್ಳಲು ಸಹಾಯವಾಗುತ್ತದೆ. ಆದರೆ ಸಹಿಯಿಲ್ಲದ ಫೈಲ್ ಕರಾರಲ್ಲ.

"ನಿಮಗ್ಯಾಕೆ ಬೇಕು ಅದು" ಎನ್ನುವುದು ಇನ್ನೊಂದು. ಇದರ ಹಿಂದೆ ಸಾಮಾನ್ಯವಾಗಿ ಇರುವುದು ತೆರಿಗೆಯ ಭಯ. ವರ್ಷಕ್ಕೆ ಬಾಡಿಗೆ ಒಂದು ಲಕ್ಷ ಮೀರಿದರೆ ಎಚ್‌ಆರ್‌ಎ ಕೇಳುವ ನೌಕರ ಮಾಲೀಕರ ಪ್ಯಾನ್ ಕೊಡಬೇಕು. 18,000ದ ಲೆಕ್ಕದಲ್ಲಿ ವರ್ಷಕ್ಕೆ 2,16,000. ಈ ವಿಷಯವನ್ನು ಅಗ್ರಿಮೆಂಟಿನ ಜೊತೆ ಒಂದೇ ಉಸಿರಿನಲ್ಲಿ ಕೇಳಿದರೆ ಎರಡೂ ನಿಲ್ಲುತ್ತವೆ. ಮೊದಲು ಪ್ರತಿ, ಆಮೇಲೆ ಪ್ಯಾನ್. (ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ, ಅವರು ಈ ತಲೆನೋವಿಗೆ ಹೋಗಬೇಕಿಲ್ಲ.) ಎರಡು ಮೂರು ಸಲ ವಾಟ್ಸಾಪಿನಲ್ಲಿ ಕೇಳಿದರೂ ಜಗ್ಗದಿದ್ದರೆ ಕರಾರಿನ ದಿನಾಂಕ, ಮನೆ ವಿಳಾಸ, ಬಾಡಿಗೆ, ಕೊಟ್ಟ ಮುಂಗಡ ಇಷ್ಟನ್ನೂ ನಮೂದಿಸಿ, ಪ್ರತಿ ಕೇಳಿ, ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಬೆದರಿಕೆಯ ಮಾತು ಬೇಡ.

ಆ ಪತ್ರದ ಬೆಲೆ ಮುಂದೆ ತಿಳಿಯುತ್ತದೆ. ಅಸಲು ದಾಖಲೆ ಎದುರು ಪಕ್ಷದ ಬಳಿಯೇ ಇದ್ದು, ಹಾಜರುಪಡಿಸಿ ಎಂದು ನೋಟಿಸ್ ಕೊಟ್ಟರೂ ಅವರು ತರದಿದ್ದರೆ, ನಕಲನ್ನು ಸಾಕ್ಷ್ಯವಾಗಿ ಕೊಡಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದು ಉಳಿದಿದೆ. ಆ ಕಾನೂನಿನ ನೋಟಿಸನ್ನು ವಕೀಲರು ಬೇರೆಯಾಗಿಯೇ ಕೊಡುತ್ತಾರೆ. ಕರಾರು ಯಾರ ಬಳಿ ಇತ್ತು ಎನ್ನುವುದಕ್ಕೆ ನಿಮ್ಮ ಪತ್ರ ಆಧಾರವಾಗುತ್ತದೆ. ಇದಕ್ಕೂ ಒಂದು ಮಿತಿಯಿದೆ. ಅಸಲಿಗೆ ಸರಿಯಾದ ಸ್ಟ್ಯಾಂಪ್ ಬಿದ್ದಿರದಿದ್ದರೆ ಅದರ ನಕಲಿಗೆ ದಂಡ ಕಟ್ಟಿ ಸರಿಮಾಡಿಸಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಆ ಪ್ರಕರಣವೂ ಬಾಡಿಗೆ ಕರಾರಿನ ಜೆರಾಕ್ಸಿನದೇ. ಈ-ಸ್ಟ್ಯಾಂಪ್ ಹಾಳೆಯ ಮೌಲ್ಯ ಓದುವಂತೆ ಸ್ಕ್ಯಾನ್ ಆಗಿರಬೇಕು ಎನ್ನುವುದು ಅದಕ್ಕೇ.

ಹುಡುಗನ ಕರಾರು ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಮುಂದಿನದನ್ನು ಎರಡು ಪ್ರತಿ ಮಾಡಿಸುವುದು ಎಂದು ಅಲ್ಲೇ ಮಾತಾಯಿತು. ಎರಡನೇ ಪ್ರತಿಗೆ ಬೇರೆ ಸ್ಟ್ಯಾಂಪ್ ಬೇಕು, ಅದರ ಖರ್ಚು ಇವನದು. ಎರಡರಲ್ಲೂ ಇಬ್ಬರೂ ಸಹಿ ಮಾಡಿದರೆ ಎರಡೂ ಅಸಲೇ. ಮುಂಗಡದ ಜಾಗದಲ್ಲಿ 1,20,000 ಎಂದು ಬರೆಸಬೇಕೆಂದು ಓನರೇ ಕ್ಯಾಲೆಂಡರಿನ ಏಪ್ರಿಲ್ ಹಾಳೆಯಲ್ಲಿ ಗೀಚಿಕೊಂಡರು. ಹುಡುಗ ಸ್ಕ್ಯಾನ್‌ಗಳನ್ನು ಒಂದೇ ಪಿಡಿಎಫ್ ಮಾಡಿ ಮೊದಲು ಅವರಿಗೇ ಕಳಿಸಿದ. ಅವರು ಕನ್ನಡಕ ಏರಿಸಿ ಪುಟಗಳನ್ನು ಸರಿಸುತ್ತಾ, "ನನ್ನ ಹತ್ರಾನೂ ಇದರ ಜೆರಾಕ್ಸ್ ಇರಲಿಲ್ಲ ನೋಡು" ಎಂದರು.